ಕೊಳ್ಳುವವನಿಲ್ಲದ ಸಂತೆ

ಸ್ವಂತ ಉದ್ಯಮವೊಂದನ್ನು ಕಟ್ಟಬೇಕೆಂದು ಹೊರಟ ತರುಣನಿಗೆ ಈಚಿನ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ದೊರೆಯುತ್ತಿರುವ ಉಪದೇಶಗಳಲ್ಲೆಲ್ಲ, ಅತಿ ಸುಲಭವಾಗಿ ಹೇಳಿಬಿಡುವಂಥದೂ ಅತಿ ಸುಲಭವಾಗಿ ನಂಬಿಬಿಡುವಂಥದೂ ಒಂದುಂಟು. ಊರಲ್ಲಿ ಕುಳಿತರೆ ಏನೂ ಸಾಗದು. ಹುಬ್ಬಳ್ಳಿಗೆ ಹೋಗು, ಕೋವರ್ಕಿಂಗ್ ಸ್ಪೇಸಿನಲ್ಲಿ ಒಂದು ಮೇಜು ಹಿಡಿ, ಸ್ಟಾರ್ಟಪ್ ಮೀಟಪ್ ಒಂದನ್ನೂ ತಪ್ಪಿಸಬೇಡ, ಫೌಂಡರುಗಳ, ಫ್ರೀಲ್ಯಾನ್ಸರುಗಳ ಪರಿಚಯ ಬೆಳೆಸು, ಪರಿಚಯ ಬೆಳೆದಂತೆ ಕೆಲಸ ತಾನಾಗಿ ಬರುತ್ತದೆ ಎಂಬುದು ಆ ಉಪದೇಶದ ಸಾರ. ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು ಇದನ್ನು ಹೇಳುತ್ತಾರೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನೆಂಟರು ಹೇಳುತ್ತಾರೆ. ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಹೆಗಲಿಗೇರಿಸಿ ಧಾರವಾಡದ ಬಸ್ಸಿಗೆ ಕಾದು ನಿಂತ ಮಗನನ್ನು ಕಳುಹಿಸಿ ಬರುವ ತಂದೆಯೂ ಈಗ ಅದನ್ನೇ ನಂಬತೊಡಗಿದ್ದಾನೆ. ಈ ನಂಬಿಕೆ ತಪ್ಪೆಂದೂ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸಣ್ಣ ಊರುಗಳಿಂದ ಹೊರಡುವ ತರುಣ ತರುಣಿಯರ ಮಟ್ಟಿಗಂತೂ ಪ್ರತ್ಯಕ್ಷ ಹಾನಿಕರವೆಂದೂ ನಾನು ಹೇಳಬಯಸುತ್ತೇನೆ.

ಹುಬ್ಬಳ್ಳಿ ಬೆಳೆಯುತ್ತಿರುವುದು ಸುಳ್ಳಲ್ಲ. ಗೋಕುಲ ರಸ್ತೆಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಸಂಸ್ಥೆಯ ವಿಸ್ತಾರವಾದ ಕಟ್ಟಡ ಎದ್ದು ನಿಂತಿದೆ, ಹಳೆಯ ಬಿ.ವಿ.ಬಿ. ಕಾಲೇಜಿನಿಂದ ಬೆಳೆದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೊಸ ಉದ್ಯಮಗಳಿಗೆ ಆಸರೆಯುಂಟು. ರಾಜ್ಯ ಸರ್ಕಾರವು ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಒಂದು ಗುಂಪಾಗಿ ಎಣಿಸಿ ಉತ್ತೇಜನ ಕೊಡುತ್ತಿದೆ. ಯಂತ್ರವನ್ನೂ ಪ್ರಯೋಗಶಾಲೆಯನ್ನೂ ಬಂಡವಾಳವನ್ನೂ ಒದಗಿಸುವ ಯಾವ ಸಂಸ್ಥೆಯ ಮೇಲೂ ನನ್ನ ಆಕ್ಷೇಪವಿಲ್ಲ. ಈ ಬೆಳವಣಿಗೆಯ ಸುತ್ತ ಹುಟ್ಟಿಕೊಂಡಿರುವ ಸಂಜೆಯ ಸಭೆಗಳೇ ಉದ್ಯಮವೆಂದೂ, ಅಲ್ಲಿ ಕೈಕುಲುಕಿದವರ ಸಂಖ್ಯೆಯೇ ಬಂಡವಾಳವೆಂದೂ ಎಳೆಯರಿಗೆ ಬೋಧಿಸುತ್ತಿರುವ ಮನೋಧರ್ಮದ ಮೇಲೆ ನನ್ನ ಆಕ್ಷೇಪ.

ಇಂತಹ ಸಭೆಯೊಂದನ್ನು ಹತ್ತಿರದಿಂದ ನೋಡೋಣ. ಸಂಜೆ ಆರು ಗಂಟೆಗೆಂದು ಕರೆದ ಸಭೆ ಆರೂವರೆಗೆ ಆರಂಭವಾಗುತ್ತದೆ. ಬಾಗಿಲಲ್ಲಿ ಹೆಸರು ಬರೆದ ಅಂಟುಚೀಟಿಯನ್ನು ಎದೆಗೆ ಅಂಟಿಸುತ್ತಾರೆ. ವೇದಿಕೆಯ ಮೇಲೆ ನಾಲ್ವರು ಕುಳಿತು ತಮ್ಮ ತಮ್ಮ ‘ಪಯಣ’ವನ್ನು ವಿವರಿಸುತ್ತಾರೆ. ಅನಂತರ ಒಬ್ಬೊಬ್ಬರಿಗೆ ಒಂದೊಂದು ನಿಮಿಷದ ಪಿಚ್. ಅದು ಮುಗಿದ ಮೇಲೆ ಚಹಾ, ಸಮೋಸ ಮತ್ತು ಯಾವುದನ್ನು ಈ ಸಭೆಯ ಆತ್ಮವೆಂದು ಕೊಂಡಾಡುತ್ತಾರೋ ಆ ನೆಟ್‌ವರ್ಕಿಂಗ್. ಮೊಬೈಲಿನ ಪರದೆಯ ಮೇಲಿನ ಚೌಕವನ್ನು ಇನ್ನೊಂದು ಮೊಬೈಲಿನ ಕಣ್ಣಿಗೆ ತೋರಿಸಿದರೆ ಪರಿಚಯವಾಯಿತು. ‘ಖಂಡಿತ ಕನೆಕ್ಟ್ ಆಗೋಣ’ ಎಂದರೆ ಮಾತು ಮುಗಿಯಿತು.

ಈಗ ಅಲ್ಲಿ ನೆರೆದವರು ಯಾರೆಂದು ಎಣಿಸಿ ನೋಡಬೇಕು. ನಾನು ಕಂಡ ಸಭೆಗಳನ್ನು ನೆನಪಿಗೆ ತಂದುಕೊಂಡು ಒಂದು ಮಾದರಿಯನ್ನು ಮುಂದಿಡುತ್ತೇನೆ. ಓದುಗರು ತಾವು ಕಂಡ ಸಭೆಗೆ ಇದನ್ನು ಹೋಲಿಸಿ ನೋಡಲಿ. ಅರವತ್ತು ಜನರಿದ್ದಾರೆನ್ನಿ. ಅವರಲ್ಲಿ ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳು, ಹದಿನೈದು ಮಂದಿ ಕಲ್ಪನೆಯೊಂದನ್ನು ಹಿಡಿದು ಹೊರಟ, ಇನ್ನೂ ಗಿರಾಕಿಯನ್ನು ಕಾಣದ ಫೌಂಡರುಗಳು, ಹತ್ತು ಮಂದಿ ವೆಬ್‌ಸೈಟು, ವಿನ್ಯಾಸ, ಜಾಹೀರಾತುಗಳ ಕೆಲಸ ಅರಸಿ ಬಂದ ಫ್ರೀಲ್ಯಾನ್ಸರುಗಳು, ಆರು ಮಂದಿ ಈ ಹೊಸಬರಿಗೇ ಲೆಕ್ಕಪತ್ರವನ್ನೋ ವಿಮೆಯನ್ನೋ ಬಾಡಿಗೆಯ ಮೇಜನ್ನೋ ಮಾರಲು ಬಂದವರು, ಇಬ್ಬರು ಸಂಘಟಕರು, ಉಳಿದ ಇಬ್ಬರು ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳಬಲ್ಲವರು. ಚಹಾದ ಹೊತ್ತು ನಲವತ್ತು ನಿಮಿಷ, ಒಬ್ಬೊಬ್ಬರೊಡನೆ ಐದು ನಿಮಿಷ ಎಂದರೆ ಎಂಟು ಮಂದಿಯೊಡನೆ ಮಾತು ಸಾಧ್ಯ. ಎದುರಿಗೆ ಸಿಕ್ಕವರೊಡನೆಲ್ಲ ಹೀಗೆ ಮಾತಾಡುತ್ತ ಹೋದರೆ, ಆ ಇಬ್ಬರಲ್ಲಿ ಒಬ್ಬರಾದರೂ ಎದುರಾಗುವ ಸಂಭವ ಸರಿಸುಮಾರು ನಾಲ್ಕು ಸಭೆಗೆ ಒಮ್ಮೆ. ಎದುರಾದಾಗಲೂ ದೊರೆಯುವುದು ಐದೇ ನಿಮಿಷ. ಆ ಐದು ನಿಮಿಷಕ್ಕಾಗಿ ಮಿಕ್ಕ ಒಂಬತ್ತು ಮಂದಿ ಫ್ರೀಲ್ಯಾನ್ಸರುಗಳೂ ಅಲ್ಲೇ ಸುತ್ತುತ್ತಿರುತ್ತಾರೆ. ಮಾರುವವರೇ ತುಂಬಿ ಕೊಳ್ಳುವವನು ಬಾರದ ಸಂತೆಗೆ ನಮ್ಮ ರೈತನು ಎರಡನೆಯ ವಾರ ಗಾಡಿ ಕಟ್ಟುವನೇ? ಕಟ್ಟುವುದಿಲ್ಲ. ಅವನ ಮಗನಿಗೆ ಮಾತ್ರ ವರ್ಷವಿಡೀ ಕಟ್ಟೆಂದು ನಾವು ಹೇಳುತ್ತಿದ್ದೇವೆ.

ಈ ಲೆಕ್ಕವೂ ಉದಾರವಾದ ಲೆಕ್ಕವೇ ಸರಿ. ಏಕೆಂದರೆ ಸಭೆಗೆ ಹೋದವರು ಅಪರಿಚಿತರೊಡನೆ ಬೆರೆಯುತ್ತಾರೆಂದು ಅದು ಒಪ್ಪಿಕೊಂಡಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ ಎಂಬ ವಿದ್ವಾಂಸರು, ವ್ಯಾಪಾರೋದ್ಯಮಿಗಳ ಕೂಟವೊಂದರಲ್ಲಿ ಯಾರು ಯಾರೊಡನೆ ಎಷ್ಟು ಹೊತ್ತು ನಿಂತರೆಂಬುದನ್ನು ಎದೆಗೆ ಧರಿಸುವ ವಿದ್ಯುನ್ಮಾನ ಬಿಲ್ಲೆಗಳ ಮೂಲಕ ಅಳೆದು 2007ರಲ್ಲಿ ಪ್ರಕಟಿಸಿದರು. ಹೊಸಬರ ಪರಿಚಯಕ್ಕಾಗಿಯೇ ಬಂದಿದ್ದೇವೆಂದು ಮೊದಲೇ ಹೇಳಿಕೊಂಡವರು ಕೂಡ, ಕೂಟದೊಳಗೆ ಕಾಲಿಟ್ಟ ಮೇಲೆ ತಮಗೆ ಹಿಂದಿನಿಂದ ಗೊತ್ತಿದ್ದವರ ಕಡೆಗೇ ವಾಲಿದರೆಂದು ಅವರಿಗೆ ಕಂಡುಬಂತು. ಅವರೆಲ್ಲ ಅನುಭವಸ್ಥರು. ಹಾಗಿರುವಾಗ, ಯಾರನ್ನೂ ಅರಿಯದೆ ಮುರಗೋಡಿನಿಂದಲೋ ಮುನವಳ್ಳಿಯಿಂದಲೋ ಬಂದು, ಒಂದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ತನ್ನನ್ನು ನಿರೂಪಿಸಿಕೊಳ್ಳಬೇಕೆಂಬ ಭಯದಿಂದ ಗಂಟಲು ಒಣಗಿಸಿಕೊಂಡು ಗೋಡೆಗೆ ಆತು ನಿಂತ ಹುಡುಗನಿಗೆ ಅಲ್ಲಿ ಏನು ದಕ್ಕೀತು? ಕಾಲೇಜಿನ ಹಳೆಯ ಗೆಳೆಯನೊಬ್ಬ ಸಿಕ್ಕಿದರೆ ಅವನೊಡನೆ ನಿಂತು ಸಮೋಸ ತಿಂದು ಬರುತ್ತಾನೆ. ಅದಕ್ಕೆ ಅವನನ್ನು ದೂಷಿಸುವಂತಿಲ್ಲ. ಕೂಟಗಳ ಸ್ವಭಾವವೇ ಅದು.

ನೆಟ್‌ವರ್ಕಿಂಗಿನ ಪ್ರತಿಪಾದಕರು ತಮ್ಮ ಬೆಂಬಲಕ್ಕೆ ಒಂದು ಸಿದ್ಧಾಂತವನ್ನು ತರುವುದುಂಟು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಅದು: ಉದ್ಯೋಗದ ಸುದ್ದಿ ಆಪ್ತಮಿತ್ರರಿಗಿಂತ ಹೆಚ್ಚಾಗಿ ದೂರದ ಪರಿಚಯದವರ ಮೂಲಕ ಬರುತ್ತದೆಂಬುದು ಅದರ ಪ್ರತಿಪಾದನೆ. ಆತನು ಪ್ರಶ್ನಿಸಿದವರಲ್ಲಿ ಪರಿಚಯದ ಮೂಲಕ ಕೆಲಸ ಪಡೆದವರ ಪೈಕಿ ಶೇಕಡಾ 17ರಷ್ಟು ಮಂದಿ ಮಾತ್ರ, ಆ ಸುದ್ದಿ ತಂದವನನ್ನು ತಾವು ಆಗಾಗ್ಗೆ ಕಾಣುತ್ತಿದ್ದೆವೆಂದರು. ಉಳಿದವರಿಗೆ ಅವನು ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವನು. ಇಲ್ಲಿಯವರೆಗೆ ಓದಿ ಪುಸ್ತಕ ಮುಚ್ಚಿದವರೇ, ‘ನೋಡಿ, ದುರ್ಬಲ ಸಂಬಂಧಗಳಲ್ಲೇ ಬಲವಿದೆ, ಆದ್ದರಿಂದ ಅಪರಿಚಿತರನ್ನು ಹೆಚ್ಚು ಹೆಚ್ಚಾಗಿ ಭೇಟಿಯಾಗಿ’ ಎಂದು ಸಭೆಗಳಲ್ಲಿ ಸಾರುತ್ತಾರೆ. ಆದರೆ ಆ ಅಪರೂಪದ ಪರಿಚಿತರು ಯಾರಾಗಿದ್ದರು? ಅದೇ ಪ್ರಬಂಧ ಹೇಳುತ್ತದೆ: ಹಳೆಯ ಸಹಪಾಠಿ, ಹಿಂದೆ ಜೊತೆಯಲ್ಲಿ ದುಡಿದವನು, ಹಿಂದಿನ ಯಜಮಾನ. ಎಂದರೆ, ಒಂದು ಕಾಲಕ್ಕೆ ಈ ಮನುಷ್ಯನ ಕೆಲಸವನ್ನು ಕಣ್ಣಾರೆ ಕಂಡು, ಈಗ ದೂರವಾಗಿರುವವರು. ಆ ಸಂಬಂಧದ ಹಿಂದೆ ದುಡಿಮೆಯ ಸಾಕ್ಷ್ಯವಿತ್ತು. ಭೇಟಿ ವಿರಳವಾಗಿದ್ದುದರಿಂದ ಅದು ದುರ್ಬಲವೆನಿಸಿತಷ್ಟೇ. ಐದು ನಿಮಿಷದ ಕೈಕುಲುಕಿಗೂ ಇದಕ್ಕೂ ಏನು ಸಂಬಂಧ? ನನ್ನ ಕೆಲಸವನ್ನು ಎಂದೂ ನೋಡದವನು ನನ್ನ ಪರವಾಗಿ ಇನ್ನೊಬ್ಬನಿಗೆ ಏನೆಂದು ಹೇಳಿಯಾನು? ದುಡಿದು ಗಳಿಸಬೇಕಾದ ಪರಿಚಯವನ್ನು ನಡೆದಾಡಿ ಗಳಿಸಬಹುದೆಂದು ಬೋಧಿಸಿದುದು ಆ ವಿದ್ವಾಂಸನಿಗೆ ಮಾಡಿದ ಅನ್ಯಾಯ; ಅದನ್ನು ನಂಬಿ ಬಂದ ತರುಣನಿಗೆ ಮಾಡಿದ ದ್ರೋಹ.

ಇನ್ನು ಕೋವರ್ಕಿಂಗ್ ಸ್ಪೇಸಿನ ವಿಚಾರ. ಇಲ್ಲಿ ಒಂದು ನಿಜವುಂಟು. ಆದರೆ ಅದನ್ನು ಮಾರುವವರು ಆ ನಿಜವನ್ನು ಪೂರ್ತಿ ಹೇಳುವುದಿಲ್ಲ. ಅಮೆರಿಕದ ದೊಡ್ಡ ಕೋವರ್ಕಿಂಗ್ ಕಟ್ಟಡವೊಂದರಲ್ಲಿ ಸ್ಟಾರ್ಟಪ್‌ಗಳು ಒಂದರಿಂದೊಂದು ಏನು ಕಲಿತವೆಂಬುದನ್ನು ಪರೀಕ್ಷಿಸಿದ ಸಂಶೋಧಕರಿಗೆ, ಸುಮಾರು 20 ಮೀಟರಿನೊಳಗೆ ಕೂತವರ ನಡುವೆ ಮಾತ್ರ ಈ ಕಲಿಕೆ ನಡೆಯಿತೆಂದೂ, ಅದನ್ನು ದಾಟಿದರೆ ಅದೇ ಕಟ್ಟಡದಲ್ಲಿದ್ದೂ ಪ್ರಯೋಜನವಿಲ್ಲವೆಂದೂ ಕಂಡಿತು. ನಿತ್ಯವೂ ಮಗ್ಗುಲಲ್ಲಿ ಕೂತು, ಪಕ್ಕದವನು ಪ್ರೋಗ್ರಾಮಿನ ದೋಷದೊಡನೆ ಗುದ್ದಾಡುವುದನ್ನು ಕಂಡು, ಅವನೊಡನೆ ಕೈಜೋಡಿಸಿದಾಗ ಹುಟ್ಟುವ ಕಲಿಕೆ ಅದು. ವಾರಕ್ಕೊಮ್ಮೆ ಬಂದು, ಖಾಲಿ ಕಂಡ ಮೇಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಎದ್ದುಹೋಗುವವನಿಗೆ ಅದು ಎಲ್ಲಿಂದ ಬಂದೀತು? ಆದ್ದರಿಂದ ಕೋವರ್ಕಿಂಗ್ ಮೇಜನ್ನು ಅದು ಇರುವಂತೆಯೇ, ಎಂದರೆ ಕುರ್ಚಿ, ವಿದ್ಯುತ್ತು, ಇಂಟರ್‌ನೆಟ್ಟುಗಳ ಬಾಡಿಗೆಯಾಗಿಯೇ ತೂಗಬೇಕು. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 18ರ ಜಿ.ಎಸ್.ಟಿ. ಸೇರಿ 4,720, ವರ್ಷಕ್ಕೆ 56,640. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಫ್ರೀಲ್ಯಾನ್ಸರನು ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಮಾಡಿಸಿರುವುದಿಲ್ಲವಾದ್ದರಿಂದ ಆ ತೆರಿಗೆಯೂ ಅವನಿಗೆ ಹಿಂದಿರುಗುವುದಿಲ್ಲ. ಮನೆಯಲ್ಲಿ ಕರೆಂಟು ನಿಲ್ಲದವನು, ಮಾಡಲು ಕೆಲಸ ಕೈಯಲ್ಲಿರುವವನು ಈ ಬಾಡಿಗೆಯನ್ನು ಏಕೆ ಕಟ್ಟಬೇಕು? ‘ಅಲ್ಲಿದ್ದರೆ ಯಾರಾದರೂ ಸಿಗುತ್ತಾರೆ’ ಎಂಬ ಒಂದೇ ಆಸೆಗೆ, ಎರಡೆಕರೆ ಕಬ್ಬಿನ ಬಿಲ್ಲಿಗಾಗಿ ಕಾರ್ಖಾನೆಯ ದಾರಿ ನೋಡುತ್ತಿರುವ ಮನೆಯಿಂದ ಈ ಹಣ ಹೋಗಬೇಕೇ?

ಹಣಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕೆರಳಿಸುವುದು ಸಭೆಯ ಹೊತ್ತು. ಶಕ್ತಿ ಯೋಜನೆ ಬಂದ 2023ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಹುಬ್ಬಳ್ಳಿಗೆ ಹೋಗಿ ಬರಲು ಯರಗಟ್ಟಿಯ ಹುಡುಗಿಗೆ ಟಿಕೆಟ್ಟಿನ ತೊಡಕಿಲ್ಲ. ಆದರೆ ಎಂಟೂವರೆಗೆ ಮುಗಿಯುವ ಸಭೆಯಿಂದ ಹೊರಟು, ಧಾರವಾಡವನ್ನು ದಾಟಿ, ಸವದತ್ತಿಯನ್ನು ದಾಟಿ, ಅವಳು ಊರು ಮುಟ್ಟುವುದು ಎಷ್ಟು ಹೊತ್ತಿಗೆ? ಮುಟ್ಟಲಾರಳೆಂದು ತಿಳಿದೇ ಅವಳು ಬರುವುದಿಲ್ಲ. ಬಾರದವಳಿಗೆ ‘ಮಹತ್ವಾಕಾಂಕ್ಷೆ ಸಾಲದು’ ಎಂಬ ಹೆಸರು ಬರುತ್ತದೆ. ಸಂಜೆಯ ಸಭೆ ಎಂದರೆ ಆಯಾ ನಗರದಲ್ಲಿ ಮನೆಯುಳ್ಳವರ, ಬೈಕೋ ಕಾರೋ ಉಳ್ಳವರ, ಬಹುಪಾಲು ಗಂಡಸರ ಸಭೆ. ಅದರೊಳಗೆ ಬೆಳೆಯುವ ‘ಜಾಲ’ವು ಮೊದಲೇ ಕೂಡಿಕೊಂಡಿದ್ದವರನ್ನು ಇನ್ನಷ್ಟು ಬಿಗಿಯಾಗಿ ಕೂಡಿಸುತ್ತದೆ, ಹೊರಗಿನವರಿಗೆ ಬಾಗಿಲು ತೆರೆದಿದೆಯೆಂಬ ತೋರಿಕೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಇಷ್ಟಾದರೂ ಸಭೆಗಳು ಏಕೆ ಹೆಚ್ಚುತ್ತಿವೆ? ಕರೆಯುವವರಿಗೆ ಲಾಭವುಂಟು. ಎಷ್ಟು ಸಭೆ ನಡೆಯಿತು, ಎಷ್ಟು ಜನ ಸೇರಿದರು ಎಂಬುದೇ ವರದಿಯಲ್ಲಿ ಸಾಧನೆಯಾಗಿ ಅಚ್ಚಾಗುತ್ತದೆ. ಸೇರಿದವರಲ್ಲಿ ಎಷ್ಟು ಮಂದಿಗೆ ಎಷ್ಟು ರೂಪಾಯಿಯ ಕೆಲಸ ಸಿಕ್ಕಿತೆಂಬ ಕಂಬಸಾಲು ಆ ವರದಿಯಲ್ಲಿ ಇರುವುದಿಲ್ಲ. ಇನ್ನು ಕೆಲವೆಡೆ, ‘ದೊಡ್ಡವರ ಪರಿಚಯ ಮಾಡಿಸಿಕೊಡುತ್ತೇನೆ’ ಎನ್ನುತ್ತ ಕಂಪನಿಯಲ್ಲಿ ಶೇಕಡಾ ಎರಡೋ ಮೂರೋ ಪಾಲು ಕೇಳುವ ಸಲಹೆಗಾರರು ಸುಳಿಯುತ್ತಾರೆ. ಎಳೆಯರು ಕಿವಿಗೊಟ್ಟು ಕೇಳಬೇಕು: ಪರಿಚಯಕ್ಕಾಗಿ ಪಾಲು ಬರೆದುಕೊಡಬೇಡಿ. ಕೊಡಲೇಬೇಕಾದ ಸಂದರ್ಭ ಬಂದರೂ, ಒಂದು ವರ್ಷ ನಿಜವಾಗಿ ದುಡಿದ ಮೇಲೆ ಮಾತ್ರ ಮೊದಲ ಭಾಗ ಸಲ್ಲಬೇಕು, ಮಿಕ್ಕುದು ತಿಂಗಳು ತಿಂಗಳಾಗಿ ಸಲ್ಲಬೇಕು ಎಂದು ಬರವಣಿಗೆಯಲ್ಲಿ ಇರಬೇಕು. ಒಲ್ಲೆನೆಂದವನು ತನ್ನ ಉದ್ದೇಶವನ್ನು ತಾನೇ ಹೇಳಿದಂತಾಯಿತು.

ಹಾಗಾದರೆ ಉದ್ಯಮಿಗೆ ಬೇಕಾದ ಪರಿಚಯ ಹೇಗೆ ಹುಟ್ಟುತ್ತದೆ? ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು, ಅನಂತರ ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣ ತಾಕಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ನಂಬಿದ್ದ ಕಾಲ ಅದು. ನೇಗಿಲು ಮಾರಾಟವಾಗಲು ವರ್ಷಗಳೇ ಹಿಡಿದವು. ಅವರು ಹೋಗಬೇಕಾದುದು ಇತರ ಯಂತ್ರನಿರ್ಮಾಪಕರ ಕೂಟಕ್ಕೋ, ನೇಗಿಲು ಹೊಡೆಯುವವನ ಹೊಲಕ್ಕೋ? ಬೆಳಗಾವಿಯಲ್ಲಿ ಜಾಗ ತಪ್ಪಿಹೋಗಿ ನೆಲೆಗಾಗಿ ಪರದಾಡುತ್ತಿದ್ದ 1910ರಲ್ಲಿ ಔಂಧದ ರಾಜರು ಅವರಿಗೆ ನೆಲವನ್ನೂ ಸಾಲವನ್ನೂ ಒದಗಿಸಿದರು. ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ತೋರಿಸಲು ಹೊಲದಲ್ಲಿ ಉಳುತ್ತಿದ್ದ ನೇಗಿಲುಗಳಿದ್ದವು. ಆ ನೆಲದಲ್ಲಿ ಕಿರ್ಲೋಸ್ಕರವಾಡಿ ಬೆಳೆದುದು ಆ ನೇಗಿಲುಗಳ ಸಾಕ್ಷ್ಯದ ಮೇಲೆ.

ಇಂದಿನ ಒಂದು ನಿದರ್ಶನವನ್ನೂ ಹೇಳುತ್ತೇನೆ, ಹೆಸರು ಬೇಡ. ನಮ್ಮ ಕಡೆಯ ತರುಣನೊಬ್ಬ ಅಂಗಡಿಗಳ ಲೆಕ್ಕ ಇಡುವ ತಂತ್ರಾಂಶವನ್ನು ಮಾಡಿ, ಸಭೆಯಿಂದ ಸಭೆಗೆ ಅದರ ಪಿಚ್ ಒಯ್ಯುತ್ತಿದ್ದ. ಮೆಚ್ಚಿದವರು ಬಹಳ, ಕೊಂಡವರಿಲ್ಲ. ಕೊನೆಗೆ ಬೇಸತ್ತು, ಯರಗಟ್ಟಿಯಲ್ಲೇ ಬೀಜ, ಗೊಬ್ಬರದ ಅಂಗಡಿಯಿಟ್ಟ ಪರಿಚಯದ ಹಿರಿಯರ ಬಳಿ ಹೋಗಿ ಕೂತ. ಅವರು ಮೊದಲು ಕೇಳಿದ್ದು, ‘ತಮ್ಮಾ, ನಿನ್ನ ಮಶೀನದಾಗ ನನ್ನ ಉದ್ರಿ ಸಿಗತೈತೇನು?’ ಎಂದು. ತಂತ್ರಾಂಶದಲ್ಲಿ ಉದ್ರಿಯ ಪುಟವಿತ್ತು. ಗಿರಾಕಿಯ ಮೊಬೈಲ್ ನಂಬರನ್ನು ಒತ್ತಿದರೆ ಖಾತೆ ತೆರೆಯುತ್ತಿತ್ತು. ಅಲ್ಲಿಯೇ ಅದು ಸೋತಿತು. ರೈತರ ನಂಬರು ಬದಲಾಗುತ್ತಲೇ ಇರುತ್ತದೆ; ಒಂದೇ ನಂಬರು ಅಣ್ಣತಮ್ಮಂದಿರ ಮೂರು ಖಾತೆಗಳಿಗೆ ಇರುತ್ತದೆ; ಒಂದೊಂದು ಹಳ್ಳಿಯಲ್ಲಿ ಬಸಪ್ಪನೆಂಬವರು ಹತ್ತು ಮಂದಿ. ಅಂಗಡಿಕಾರರು ಗಿರಾಕಿಯನ್ನು ಹುಡುಕುವುದು ಮೊದಲು ಊರಿನಿಂದ, ಆಮೇಲೆ ಅಡ್ಡಹೆಸರಿನಿಂದ, ಆಮೇಲೆ ತಂದೆಯ ಹೆಸರಿನಿಂದ. ಇದು ಯಾವ ಪ್ಯಾನೆಲ್ ಚರ್ಚೆಯಲ್ಲೂ ಬರಲಿಲ್ಲ, ಬರುವುದೂ ಇಲ್ಲ.

ಮುಂಗಾರಿನ ಗದ್ದಲದಲ್ಲಿ ಅವನು ಗಲ್ಲೆಯ ಪಕ್ಕದಲ್ಲೇ ಕೂತು ನೋಡಿದ. ಸಬ್ಸಿಡಿಯ ಗೊಬ್ಬರವನ್ನು ಆಧಾರ್ ಆಧಾರಿತ ಪಿ.ಓ.ಎಸ್. ಯಂತ್ರದ ಮೂಲಕವೇ ಮಾರಬೇಕೆಂಬ ನಿಯಮ ದೇಶದಲ್ಲೆಲ್ಲ ಜಾರಿಯಾದದ್ದು 2018ರಲ್ಲಿ. ಅದರಿಂದ ಅಂಗಡಿಯಲ್ಲಿ ಮೂರು ಲೆಕ್ಕಗಳಾದವು: ಯಂತ್ರದೊಳಗಿನ ದಾಸ್ತಾನು, ಕಾಗದದ ದಾಸ್ತಾನು ಪುಸ್ತಕ, ಉದ್ರಿಯ ಖಾತೆ. ಹೆಬ್ಬೆರಳು ಓದದೆ ಹೋದಾಗ ಚೀಲ ಮುಂದೆ ಹೋಗುತ್ತದೆ, ಯಂತ್ರದ ನಮೂದು ಹಿಂದೆ ಉಳಿಯುತ್ತದೆ; ತನಿಖೆಗೆ ಅಧಿಕಾರಿ ಬಂದ ದಿನ ಗೋದಾಮಿನ ಚೀಲಕ್ಕೂ ಯಂತ್ರದ ಅಂಕಿಗೂ ತಾಳೆಯಾಗದಿದ್ದರೆ ಲೈಸೆನ್ಸಿನ ಮೇಲೆಯೇ ಬರುತ್ತದೆ. ಆ ಹಿರಿಯರ ನಿದ್ದೆ ಕೆಡಿಸುತ್ತಿದ್ದುದು ಇದು. ತರುಣನು ತನ್ನ ತಂತ್ರಾಂಶದ ಮುಕ್ಕಾಲು ಪಾಲನ್ನು ಕಿತ್ತುಹಾಕಿ, ಎರಡನ್ನೇ ಉಳಿಸಿದ: ಊರು, ಅಡ್ಡಹೆಸರುಗಳ ಮೂಲಕ ತೆರೆಯುವ ಉದ್ರಿ ಖಾತೆ, ಪ್ರತಿ ಸಂಜೆ ಮೂರು ಲೆಕ್ಕಗಳನ್ನೂ ಎದುರುಬದುರು ಇಟ್ಟು ವ್ಯತ್ಯಾಸ ತೋರಿಸುವ ಒಂದು ಪುಟ. ಹದಿನೆಂಟು ಸಾವಿರಕ್ಕೆ ಮಾತಾಯಿತು. ಆರು ಸಾವಿರ ಮುಂಗಡ. ಹಂಗಾಮು ಮುಗಿಯುವ ಹೊತ್ತಿಗೆ ಅಂಗಡಿಕಾರರೇ ಮುನವಳ್ಳಿಯಲ್ಲಿ ಅಂಗಡಿಯಿಟ್ಟ ತಮ್ಮ ಬೀಗರಿಗೆ ಫೋನ್ ಮಾಡಿದರು: ‘ನಮ್ಮ ಅಂಗಡಿಯೊಳಗ ನಡದೈತ್ರೀ, ಬಂದು ನೋಡ್ರಿ.’ ಬೀಗರಿಂದ ಬೈಲಹೊಂಗಲದ ಸಗಟು ವ್ಯಾಪಾರಿಗೆ ಸುದ್ದಿ ಹೋಯಿತು. ಒಂದು ಅಂಗಡಿಯ ಗಲ್ಲೆಯಿಂದ ಹೊರಟ ಆ ಒಂದು ವಾಕ್ಯ ಮಾಡಿದ ಕೆಲಸವನ್ನು, ಅವನ ಮೊಬೈಲಿನಲ್ಲಿ ತುಂಬಿದ್ದ ಸಭೆಗಳ ಪರಿಚಯವೆಲ್ಲ ಸೇರಿಯೂ ಮಾಡಿರಲಿಲ್ಲ. ಬೇರೆ ಫ್ರೀಲ್ಯಾನ್ಸರರ ಸಂಬಂಧವೂ ಅವನಿಗೆ ಆಗಲೇ ಕುದುರಿತು. ಕನ್ನಡದ ಅಕ್ಷರ ಸರಿಯಾಗಿ ಮುದ್ರಿಸುವ ಬಿಲ್ಲಿನ ವಿನ್ಯಾಸಕ್ಕೆ ಜನ ಬೇಕಾಗಿ, ಒಬ್ಬ ವಿನ್ಯಾಸಗಾರ್ತಿಗೆ ಅವನು ಹಣ ಕೊಟ್ಟು ಕೆಲಸ ಕೊಟ್ಟ. ಒಬ್ಬರಿಗೊಬ್ಬರು ಕೆಲಸ ಕೊಟ್ಟುಕೊಂಡವರ ಪರಿಚಯ ಗಟ್ಟಿಯಾಗದೆ ಹೇಗಿದ್ದೀತು?

ಈ ತರುಣನಿಗೆ ನಿಜವಾಗಿ ಬೇಕಾಗಿದ್ದ ಒಂದು ತಿಳಿವಳಿಕೆಯನ್ನು ಮಾತ್ರ ಯಾವ ಸಭೆಯೂ ಅವನಿಗೆ ಕೊಟ್ಟಿರಲಿಲ್ಲ; ಅದೂ ಈ ಸಭೆಗಳ ಮೇಲಿನ ನನ್ನ ಆರೋಪಗಳಲ್ಲಿ ಒಂದು. ಕೆಲಸ ಸಿಗುವುದು ಅರ್ಧ. ಹಣ ಕೈಸೇರುವುದು ಇನ್ನರ್ಧ. ಸೇವೆ ಒದಗಿಸುವ ಫ್ರೀಲ್ಯಾನ್ಸರನೂ ಉದ್ಯಮ್ ನೋಂದಣಿಯನ್ನು ಖರ್ಚಿಲ್ಲದೆ ಮಾಡಿಸಿಕೊಳ್ಳಬಹುದು. ಕೆಲಸ ಆರಂಭಿಸುವ ಮೊದಲೇ ಅದನ್ನು ಮಾಡಿಸಿಕೊಂಡರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ರಕ್ಷಣೆ ಅವನಿಗುಂಟು. ಬರಹದ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನಕ್ಕೆ, ಹೆಚ್ಚೆಂದರೆ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಗಿರಾಕಿ ಹಣ ಕೊಡತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲತಕ್ಕದ್ದು. ಇದರ ಮೇಲೆ ಆದಾಯ ತೆರಿಗೆಯಲ್ಲಿ 2024ರ ಏಪ್ರಿಲಿನಿಂದ ಬಂದ ನಿಯಮದಂತೆ, ಸಣ್ಣ ಉದ್ಯಮಗಳಿಗೆ ಆ ಅವಧಿಯೊಳಗೆ ಕೊಡದ ಹಣವನ್ನು ಗಿರಾಕಿಯು ಕೊಟ್ಟ ವರ್ಷದವರೆಗೆ ಖರ್ಚೆಂದು ತೋರಿಸುವಂತಿಲ್ಲ. ಇದನ್ನು ತಿಳಿದ ಹುಡುಗ ‘ಅಣ್ಣಾರ, ಬಿಲ್ ಯಾವಾಗ ಕೊಡ್ತೀರಿ?’ ಎಂದು ಅಂಜುತ್ತ ಕೇಳಬೇಕಾಗಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಕೊಡಬೇಕಾದ ತಾರೀಖನ್ನೂ ಬರೆದರೆ ಸಾಕು. ಎರಡು ಗಂಟೆಯ ಸಭೆಯಲ್ಲಿ ‘ಪಯಣ’ಗಳಿಗೆ ಒಂದು ಗಂಟೆ ಉಂಟು, ಇದಕ್ಕೆ ಹತ್ತು ನಿಮಿಷ ಏಕಿಲ್ಲ?

ಆದ್ದರಿಂದ ಈಗಿರುವ ರೂಪದ ಮೀಟಪ್‌ಗಳಿಗೆ ಹೋಗುವುದನ್ನು ನಮ್ಮ ತರುಣರು ನಿಲ್ಲಿಸಬೇಕು. ಕಡಿಮೆ ಮಾಡಿದರೆ ಸಾಲದು, ನಿಲ್ಲಿಸಬೇಕು. ಜನ ಬಾರದೆ ಖಾಲಿ ಬಿದ್ದ ಕುರ್ಚಿಗಳ ಹೊರತು ಬೇರೆ ಯಾವ ಮಾತೂ ಕರೆಯುವವರ ಕಿವಿಗೆ ಬೀಳುವುದಿಲ್ಲ. ಸಭೆ ಕರೆಯುವವರಿಂದ ನಾವು ಕೇಳಬೇಕಾದುದು ಇಷ್ಟು. ಮೊದಲು ಕೊಳ್ಳುವವನನ್ನು ಕರೆಯಿರಿ. ರಾಮದುರ್ಗದ ಮಗ್ಗದ ಮಾಲೀಕ, ಬೈಲಹೊಂಗಲದ ಎ.ಪಿ.ಎಂ.ಸಿ.ಯ ದಲಾಲಿ ಅಂಗಡಿಕಾರ, ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ ನಡೆಸುವವನು, ಇವರಲ್ಲಿ ಒಬ್ಬರನ್ನಾದರೂ ಎದುರಿಗೆ ಕೂರಿಸಿ, ತಮ್ಮ ಕಸುಬಿನಲ್ಲಿ ಹಣ ಎಲ್ಲಿ ಸೋರುತ್ತದೆ, ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಅರ್ಧ ಗಂಟೆ ಕನ್ನಡದಲ್ಲಿ ಹೇಳಲು ಬಿಡಿ. ತರುಣರು ಕೇಳಲಿ, ಪ್ರಶ್ನಿಸಲಿ, ಪಿಚ್ ಬೇಡ. ಅವರಲ್ಲಿ ಒಬ್ಬರಿಗೋ ಇಬ್ಬರಿಗೋ ಹದಿನೈದು ದಿನದ ಸಣ್ಣ ಕೆಲಸ, ಮುಂಗಡ ಸಹಿತವಾಗಿ, ಅಲ್ಲೇ ಗೊತ್ತಾಗಲಿ. ಸಭೆ ಬೆಳಗ್ಗೆ ಹತ್ತಕ್ಕೆ ಆರಂಭವಾಗಿ ಮಧ್ಯಾಹ್ನಕ್ಕೆ ಮುಗಿಯಲಿ. ಹುಬ್ಬಳ್ಳಿಯಲ್ಲೇ ಆಗಬೇಕೆಂಬ ಹಟವೂ ಬೇಡ, ಒಮ್ಮೆ ಬೈಲಹೊಂಗಲದಲ್ಲಿ, ಒಮ್ಮೆ ಸವದತ್ತಿಯಲ್ಲಿ, ಒಮ್ಮೆ ಯರಗಟ್ಟಿಯಲ್ಲಿ ಆಗಲಿ. ಮುಂದಿನ ಸಭೆ ಆರಂಭವಾಗುವುದು ಹಿಂದಿನ ಕೆಲಸದ ವರದಿಯಿಂದ: ಏನು ಮಾಡಿದರು, ಏನು ಕೆಟ್ಟಿತು, ಹಣ ಬಂತೋ ಇಲ್ಲವೋ.

ಸ್ಟಾರ್ಟಪ್ ಸಭೆಗಳಿಗೆ ಸಾರ್ವಜನಿಕ ಹಣವನ್ನು ಕೊಡುವ ಸರ್ಕಾರದ ಇಲಾಖೆಗಳು, ಹಾಜರಿ ಪುಸ್ತಕದ ಸಹಿಗಳನ್ನು ಎಣಿಸುವುದನ್ನು ಇಂದೇ ಬಿಡಬೇಕು. ಹಣ ಬೇಡಿ ಬರುವ ಪ್ರತಿಯೊಬ್ಬ ಸಂಘಟಕನೂ ಹಿಂದಿನ ವರ್ಷ ತನ್ನ ಸಭೆಗಳಿಂದ ಹುಟ್ಟಿ, ಹಣ ಸಂದಾಯವಾದ ಬಿಲ್ಲುಗಳ ಪಟ್ಟಿಯನ್ನು ತರಲಿ. ಯಾವ ತಾಲ್ಲೂಕಿನ ಯಾರಿಗೆ, ಎಷ್ಟು ರೂಪಾಯಿ, ಎಷ್ಟು ದಿನಕ್ಕೆ ಸಂದಿತು, ಅವರಲ್ಲಿ ಹೆಣ್ಣುಮಕ್ಕಳೆಷ್ಟು ಎಂಬುದು ಅದರಲ್ಲಿ ಇರಲಿ. ಪಟ್ಟಿ ಇಲ್ಲದವನಿಗೆ ಒಂದು ರೂಪಾಯಿಯನ್ನೂ ಕೊಡಬಾರದು.